ಶಿಪ್ ಯಾವುದು, ಶೀಪ್ ಯಾವುದು: ಕಿವಿಗೊಂದು ಪಾಠ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಗ್ಲಿಷಿನಲ್ಲಿ ಶಿಪ್ ಅಂದರೆ ಹಡಗು, ಶೀಪ್ ಅಂದರೆ ಕುರಿ. ಕನ್ನಡದವರಿಗೆ ಇದರಲ್ಲಿ ಕಷ್ಟ ಏನಿದೆ ಅನ್ನಿಸುತ್ತದೆ, ಅಲ್ವಾ? ಬಿಡು, ಬೀಡು ನಮಗೆ ಗೊತ್ತೇ ಇದೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಅದೇ ಲೆಕ್ಕ ಇಟ್ಟುಕೊಂಡು ನಾವು ಇಂಗ್ಲಿಷನ್ನೂ ಕೇಳುತ್ತೇವೆ. ಬಹಳ ಸಲ ಅದು ನಡೆದೂಬಿಡುತ್ತದೆ. ಎಲ್ಲಿ ನಡೆಯುವುದಿಲ್ಲ ಅನ್ನುವುದನ್ನು ಇವತ್ತು ನೋಡೋಣ.

ನಾಲ್ಕು ಪದ ಹೇಳುತ್ತೇನೆ, ಕೇಳಿ. ಬಿಟ್. ಬಿಡ್. ಬೀಟ್. ಬೀಡ್.

(ವಿರಾಮ)

ಬಿಟ್ ಅಂದರೆ ಚೂರು, ಬಿಡ್ ಅಂದರೆ ಹರಾಜಿನ ಕೂಗು, ಬೀಟ್ ಅಂದರೆ ಹೊಡೆ, ಬೀಡ್ ಅಂದರೆ ಮಣಿ. ಇಂಗ್ಲಿಷ್ ಮನೆಮಾತಿನವರು ಇವನ್ನು ಹೇಳುವಾಗ ಒಂದು ಸಂಗತಿ ನಡೆಯುತ್ತದೆ. ಪದದ ಕೊನೆಗೆ ಟ್, ಪ್, ಕ್, ಸ್ ಬಂದರೆ ಅದರ ಹಿಂದಿನ ಸ್ವರ ಮೊಟಕಾಗುತ್ತದೆ. ಡ್, ಬ್, ಗ್ ಬಂದರೆ ಅದೇ ಸ್ವರ ಎಳೆದುಕೊಳ್ಳುತ್ತದೆ. ಹಾಗಾಗಿ ಬೀಟ್ ಪದದ ದೀರ್ಘ ಗಿಡ್ಡವಾಗುತ್ತದೆ, ಬಿಡ್ ಪದದ ಹ್ರಸ್ವ ಉದ್ದವಾಗುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಅಳತೆಗೆ ಬಂದು ನಿಲ್ಲುತ್ತವೆ. ಮಾತ್ರೆ ಎಣಿಸುವ ಕಿವಿ ಇಲ್ಲಿ ಎಡವುತ್ತದೆ.

ಇನ್ನೊಂದು ತೊಡಕು ನಮ್ಮ ನಾಲಿಗೆಯದು. ಮಿಲ್ ನಮ್ಮಲ್ಲಿ ಮಿಲ್ಲು ಆಗುತ್ತದೆ, ಬಿಲ್ ಬಿಲ್ಲು ಆಗುತ್ತದೆ. ಸೀಟ್ ಮಾತ್ರ ಸೀಟು, ರೀಲ್ ರೀಲು. ಹ್ರಸ್ವದ ಮುಂದೆ ಒತ್ತಕ್ಷರ ಬರುತ್ತದೆ, ದೀರ್ಘದ ಮುಂದೆ ಬರುವುದಿಲ್ಲ. ಈ ಒತ್ತಕ್ಷರ ನಮ್ಮ ಕಿವಿಗೆ ಒಳ್ಳೆಯ ಗುರುತು. ಆದರೆ ಇಂಗ್ಲಿಷಿನವರು ಮಿಲ್ಲು ಅನ್ನುವುದಿಲ್ಲ, ಹಾಗಾಗಿ ಆ ಗುರುತೂ ಸಿಗುವುದಿಲ್ಲ.

ಹಾಗಾದರೆ ಕಿವಿ ಹಿಡಿಯಬೇಕಾದ್ದು ಏನನ್ನು? ಸ್ವರದ ಬಣ್ಣವನ್ನು. ಬಾಯಲ್ಲೇ ಮಾಡಿ ನೋಡಿ. ಈ ಅನ್ನಿ. ನಾಲಿಗೆಯ ಮುಂಭಾಗ ಮೇಲೆ ಅಂಗುಳಿನ ಹತ್ತಿರ ಬಿಗಿಯಾಗಿ ಹೋಗುತ್ತದೆ, ತುಟಿ ಅಗಲವಾಗುತ್ತದೆ. ಶೀಪ್‌ನ ಸ್ವರ ಇದೇ. ಈಗ ನಾಲಿಗೆಯನ್ನು ಸ್ವಲ್ಪ ಸಡಿಲ ಬಿಡಿ. ಎ ಕಡೆಗೆ ಇಳಿಯಲಿ, ಎ ತನಕ ಹೋಗುವುದು ಬೇಡ. ತುಟಿಯನ್ನು ಸುಮ್ನೆ ಬಿಡಿ. ಶಿಪ್‌ನ ಸ್ವರ ಅಲ್ಲಿದೆ. ಈ ಸಡಿಲ ಸ್ವರವನ್ನು ಎಷ್ಟು ಎಳೆದರೂ ಅದು ಶೀಪ್ ಆಗುವುದಿಲ್ಲ. ಒಮ್ಮೆ ಬೇಕಂತಲೇ ಎಳೆದು ನೋಡಿ, ಕಿವಿಗೆ ಗೊತ್ತಾಗುತ್ತದೆ.

ಇನ್ನು ಅಭ್ಯಾಸ. ಇದಕ್ಕೆ ಇಬ್ಬರು ಬೇಕು, ಒಂದು ಫೋನ್ ಬೇಕು. ಆಕ್ಸ್‌ಫರ್ಡ್, ಕೇಂಬ್ರಿಜ್ ನಿಘಂಟುಗಳ ವೆಬ್‌ಸೈಟಿನಲ್ಲಿ ಪ್ರತಿ ಪದದ ಪಕ್ಕ ಸ್ಪೀಕರ್ ಗುರುತು ಇರುತ್ತದೆ. ಅದನ್ನು ಒತ್ತಿದರೆ ಉಚ್ಚಾರ ಕೇಳುತ್ತದೆ. ಫೋನ್ ನಿಮ್ಮ ಜೊತೆಯವರ ಕೈಯಲ್ಲಿರಲಿ, ಪರದೆ ನಿಮಗೆ ಕಾಣಬಾರದು. ಅವರು ಬಿಡ್, ಬೀಟ್ ಎರಡನ್ನೂ ಮನಸ್ಸಿಗೆ ಬಂದ ಹಾಗೆ ಕಲಸಿ 20 ಸಲ ಕೇಳಿಸಲಿ. ಕೊನೆಯ ಡ್, ಟ್ ಕೇಳಿದರೆ ಉತ್ತರ ಸುಲಭವಾಗಿ ಸಿಕ್ಕಿಬಿಡುತ್ತದೆ. ಅದಕ್ಕೇ ಮೊದಲ ಸುತ್ತಿನಲ್ಲಿ ಪದ ಗುರುತಿಸುವುದು ಬೇಡ, ಆ ಸ್ವರ ಬಿಗಿಯೋ ಸಡಿಲವೋ ಅಂತ ಮಾತ್ರ ಗಮನ ಕೊಡಿ. ಎರಡನೇ ಸುತ್ತಿಗೆ ಶಿಪ್, ಶೀಪ್ ತೆಗೆದುಕೊಳ್ಳಿ. ಇವುಗಳ ಕೊನೆ ಒಂದೇ, ಹಾಗಾಗಿ ಸ್ವರ ಬಿಟ್ಟರೆ ಬೇರೆ ಆಧಾರ ಇಲ್ಲ. ಹಡಗಿಗೆ 1, ಕುರಿಗೆ 2 ಅಂತ ಬರೆಯುತ್ತಾ ಹೋಗಿ.

20ರಲ್ಲಿ 10 ಸರಿ ಬಂದರೆ ಖುಷಿಪಡಬೇಡಿ, ಕಣ್ಣು ಮುಚ್ಚಿ ಬರೆದರೂ ಸುಮಾರು ಅಷ್ಟು ಬರುತ್ತದೆ. 17, 18 ಬಂದರೆ ಕಿವಿ ಕೆಲಸ ಮಾಡುತ್ತಿದೆ ಅಂತ ಅರ್ಥ. ತಪ್ಪು ಯಾವ ಕಡೆ ಬೀಳುತ್ತಿದೆ ಅಂತಲೂ ನೋಡಿ. ಶೀಪ್ ಬಂದಾಗೆಲ್ಲ 1 ಬರೆಯುತ್ತಿದ್ದರೆ ನೀವು ಇನ್ನೂ ಉದ್ದವನ್ನೇ ಅಳೆಯುತ್ತಿದ್ದೀರಿ. ಪ್ ಮುಂದೆ ದೀರ್ಘ ಮೊಟಕಾಗುವುದರಿಂದ ನಿಮಗದು ಹ್ರಸ್ವದಂತೆ ಕೇಳುತ್ತಿದೆ.

ಒಂದೇ ದನಿಯಲ್ಲಿ ಪಳಗಿದ ಕಿವಿ ಹೊಸ ದನಿ ಬಂದಾಗ ತಡವರಿಸುತ್ತದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು 1991ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜಪಾನೀಯರಿಗೆ ರ, ಲ ಭೇದ ಕಲಿಸಲು ಹಲವು ಜನರ ದನಿ ಬಳಸಿದ್ದರು. ಆಮೇಲಿನ ಪ್ರಯೋಗದಲ್ಲಿ, ಒಬ್ಬರದೇ ದನಿ ಕೇಳಿ ಕಲಿತವರಿಗೆ ಹೊಸಬರ ಮಾತಿನಲ್ಲಿ ಆ ಕಲಿಕೆ ಕೈಕೊಟ್ಟಿತು. ಅದಕ್ಕೇ ನಿಘಂಟಿನ ಬ್ರಿಟಿಷ್, ಅಮೆರಿಕನ್ ದನಿ ಎರಡನ್ನೂ ಕೇಳಿ, ಗಂಡಸರ ದನಿ, ಹೆಂಗಸರ ದನಿ ಎರಡೂ ಇರಲಿ. ಪದವನ್ನು ಮನೆಯವರಿಂದಲೇ ಓದಿಸಿದರೆ ಅವರೂ ನಮ್ಮ ಹಾಗೆ ಬರೀ ಮಾತ್ರೆ ಹಿಡಿದು ಓದುವ ಸಾಧ್ಯತೆ ಜಾಸ್ತಿ.

ಶಿಪ್, ಶೀಪ್ ನೆಟ್ಟಗಾದ ಮೇಲೆ ಪುಲ್, ಪೂಲ್ ಹಿಡಿಯಿರಿ. ಎಳೆ ಅನ್ನುವ ಪುಲ್‌ನಲ್ಲಿ ನಾಲಿಗೆ ಸಡಿಲ, ತುಟಿಯ ದುಂಡು ಕಡಿಮೆ. ಕೊಳ ಅನ್ನುವ ಪೂಲ್‌ನಲ್ಲಿ ತುಟಿ ದುಂಡಗೆ ಮುಂದೆ ಬರುತ್ತದೆ. ಕೊನೆಯಲ್ಲಿ ಲ್ ಇರುವುದರಿಂದ ಇಲ್ಲಿ ಶಿಪ್, ಶೀಪ್‌ಗಿಂತ ಕಷ್ಟ ಜಾಸ್ತಿ, ಆ ಲ್ ಎರಡೂ ಸ್ವರಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮೊದಲ ದಿನ 20ರಲ್ಲಿ 13 ಬಂದರೂ ಅದೇ ಪಟ್ಟಿಯನ್ನು ಮಾರನೇ ದಿನ ಮತ್ತೆ ಕೇಳಿ. ನಮಸ್ಕಾರ.