ಪೆಟ್ಟಿಗೆಯ ಬೆಲೆ, ಪೆಟ್ಟಿಗೆ ಹೊರಿಸುವ ಬೆಲೆ: ಒಂದು ಕಾಫಿ ಅಂಗಡಿಯ ಲೆಕ್ಕ

(ಸಣ್ಣ ಉದ್ದಿಮೆದಾರರ ಸಭೆಯಲ್ಲಿ ರಟ್ಟಿನ ಪೆಟ್ಟಿಗೆ ತಯಾರಕರೊಬ್ಬರು ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ನಮ್ಮ ವ್ಯಾಪಾರದಲ್ಲಿ ರಟ್ಟಿನ ಪೆಟ್ಟಿಗೆಯನ್ನು ತೂಕದ ಮೇಲೆ ಮಾರುತ್ತಾರೆ. ಬಿಲ್ಲಿನಲ್ಲಿ ಒಂದು ಪೆಟ್ಟಿಗೆಗೆ ಇಷ್ಟು ಎಂದು ಬರೆದಿದ್ದರೂ ಅದರ ಹಿಂದಿನ ಲೆಕ್ಕ ಕಿಲೋಗೆ ಇಷ್ಟು ರೂಪಾಯಿ ಎಂದೇ ಇರುತ್ತದೆ. ಹೀಗಿರುವಾಗ ಪೆಟ್ಟಿಗೆ ಮಾರುವವನೇ ನಿಮ್ಮ ಅಂಗಡಿಗೆ ಬಂದು ‘ನಿಮಗೆ ಇಷ್ಟು ದೊಡ್ಡ ಪೆಟ್ಟಿಗೆ ಬೇಡ’ ಎಂದು ಹೇಳುವುದನ್ನು ನಿರೀಕ್ಷಿಸಬೇಡಿ. ನಾನು ಒಬ್ಬ ಗ್ರಾಹಕರಿಗೆ ಹಾಗೆ ಹೇಳಿದೆ. ಅದರಿಂದ ಅವರಿಗೆ ಉಳಿದದ್ದೆಷ್ಟು, ನನಗೆ ಕಡಿಮೆಯಾದದ್ದೆಷ್ಟು, ನಡುವೆ ಏನು ಕೆಟ್ಟಿತು ಎಂಬ ಲೆಕ್ಕವನ್ನು ಅವರ ಒಪ್ಪಿಗೆ ಪಡೆದು ಇಂದು ನಿಮ್ಮ ಮುಂದಿಡುತ್ತೇನೆ. ಹೆಸರು ಬೇಡ ಎಂದಿದ್ದಾರೆ. ಚಿಕ್ಕಮಗಳೂರಿನ ಒಂದು ಕಾಫಿ ಪುಡಿ ಅಂಗಡಿ ಎಂದಷ್ಟೇ ತಿಳಿದುಕೊಳ್ಳಿ. ದರಗಳನ್ನು ಹತ್ತಿರದ ಪೂರ್ಣ ಅಂಕಿಗೆ ತಂದಿದ್ದೇನೆ. ಜಿಎಸ್‌ಟಿ ಅವರಿಗೆ ಮರಳಿ ಜಮೆಯಾಗುವುದರಿಂದ ಅದನ್ನು ಸೇರಿಸಿಲ್ಲ.

ಅವರ ಹೆಚ್ಚು ಮಾರಾಟದ ಸರಕು ಒಂದು ಜೋಡಿ ಕಟ್ಟು: ಅರ್ಧ ಕಿಲೋದ ಎರಡು ಪೊಟ್ಟಣ ಪುಡಿ, ಜೊತೆಗೆ 250 ಗ್ರಾಂ ತೂಗುವ ಒಂದು ಸ್ಟೀಲ್ ಫಿಲ್ಟರ್. ತಿಂಗಳಿಗೆ ಸುಮಾರು 1,200 ಕಟ್ಟು ಹೋಗುತ್ತದೆ. ಅದರಲ್ಲಿ 900 ಕೊರಿಯರ್ ಮೂಲಕ ಹೊರ ಊರುಗಳಿಗೆ, ಉಳಿದ 300 ಸುತ್ತಮುತ್ತಲಿಗೆ. ಸುತ್ತಮುತ್ತಲಿನದಕ್ಕೆ ಗಾತ್ರ ಎಷ್ಟೇ ಇರಲಿ, ಒಂದಕ್ಕೆ 60 ರೂಪಾಯಿ ಕೊಟ್ಟು ಮುಗಿಸುತ್ತಾರೆ. ಈ 300ರ ವಿಷಯ ನೆನಪಿನಲ್ಲಿರಲಿ, ಆಮೇಲೆ ಬೇಕಾಗುತ್ತದೆ.

ಅವರು ನನ್ನನ್ನು ಕರೆದದ್ದು ಬೆಲೆ ಇಳಿಸು ಎಂದು ಕೇಳುವುದಕ್ಕೆ. ಐದು ಪ್ಲೈ ಪೆಟ್ಟಿಗೆ, ಒಳ ಅಳತೆ 30, 25, 20 ಸೆಂಟಿಮೀಟರ್. ಐದು ಪದರಗಳೂ 150 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 150 ಗ್ರಾಂ ತೂಗುವ ಕ್ರಾಫ್ಟ್ ಕಾಗದ. ಒಂದರ ತೂಕ 460 ಗ್ರಾಂ, ಕಿಲೋಗೆ 60 ರೂಪಾಯಿಯಂತೆ ಬೆಲೆ 27 ರೂಪಾಯಿ 60 ಪೈಸೆ. ‘ಎರಡು ರೂಪಾಯಿಯಾದರೂ ಬಿಡಿ’ ಎಂದರು. ನಾನು ಬೆಲೆಯ ಮಾತು ಬಿಟ್ಟು ಹಿಂದಿನ ತಿಂಗಳ ಕೊರಿಯರ್ ಬಿಲ್ ತೋರಿಸಿ ಎಂದೆ. ಅದರಲ್ಲಿ ಪ್ರತಿ ಕಟ್ಟಿಗೂ ಒಂದೇ ಸಂಖ್ಯೆ: 4 ಕಿಲೋ. ಯಜಮಾನರು ತಕ್ಕಡಿಯ ಮೇಲಿಟ್ಟು ತೋರಿಸಿದರು, ಎರಡು ಕಿಲೋ ಕೂಡ ಇರಲಿಲ್ಲ. ಮೋಸ ಎಂದರು. ಮೋಸವಲ್ಲ.

ಕೊರಿಯರ್ ಕಂಪನಿಗೆ ಲಾರಿಯಲ್ಲಿ ತೂಕಕ್ಕಿಂತ ಮೊದಲು ಜಾಗ ಮುಗಿಯುತ್ತದೆ. ಅದಕ್ಕಾಗಿ ಅವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಒಂದು ಸಂಖ್ಯೆಯಿಂದ ಭಾಗಿಸುತ್ತಾರೆ. ಆ ಸಂಖ್ಯೆ ಸಾಮಾನ್ಯವಾಗಿ 5000. ಒಪ್ಪಂದದಲ್ಲಿ ಬೇರೆಯೂ ಇರಬಹುದು, ಓದಿಕೊಳ್ಳಿ. ಬಂದ ಉತ್ತರ ವಾಲ್ಯೂಮೆಟ್ರಿಕ್ ತೂಕ. ಅದು ಮತ್ತು ತಕ್ಕಡಿಯ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು, ಅದೂ ಮೇಲಿನ ಅರ್ಧ ಕಿಲೋಗೆ ಏರಿಸಿ.

30, 25, 20 ಗುಣಿಸಿದರೆ 15,000, 5000ದಿಂದ ಭಾಗಿಸಿದರೆ 3 ಕಿಲೋ. ಹಾಗಾದರೆ 4 ಎಲ್ಲಿಂದ ಬಂತು? ನಾವು ಪೆಟ್ಟಿಗೆ ಮಾಡುವವರು ಒಳ ಅಳತೆಯಲ್ಲಿ ಮಾತನಾಡುತ್ತೇವೆ, ಕೊರಿಯರಿನವರು ಹೊರಗಿನಿಂದ ಅಳೆಯುತ್ತಾರೆ. ಐದು ಪ್ಲೈ ರಟ್ಟಿನ ದಪ್ಪ ಸುಮಾರು 6 ಮಿಲಿಮೀಟರ್. ಉದ್ದಕ್ಕೆ ಎರಡು ದಪ್ಪ ಸೇರುತ್ತದೆ, ಅಗಲಕ್ಕೂ ಎರಡು. ಎತ್ತರಕ್ಕೆ ಮಾತ್ರ ನಾಲ್ಕು, ಏಕೆಂದರೆ ಮೇಲೆಯೂ ಕೆಳಗೆಯೂ ಮುಚ್ಚಳದ ರೆಕ್ಕೆಗಳು ಒಂದರ ಮೇಲೊಂದು ಕೂರುತ್ತವೆ. ಹೀಗೆ ಹೊರ ಅಳತೆ 31.2, 26.2, 22.4 ಆಗುತ್ತದೆ. ಭಾಗಿಸಿದರೆ 3.66 ಕಿಲೋ, ಏರಿಸಿದರೆ 4. ಗಟ್ಟಿಯಾಗಿರಲಿ ಎಂದು ಅವರು ದುಡ್ಡು ಕೊಟ್ಟು ಕೊಂಡ ದಪ್ಪವೇ ಪ್ರತಿ ಕಟ್ಟಿನ ಬಿಲ್ಲಿಗೆ ಒಂದು ಕಿಲೋ ಸೇರಿಸುತ್ತಿತ್ತು.

ಅವರ ಕೊರಿಯರ್ ದರ ಮೊದಲ ಅರ್ಧ ಕಿಲೋಗೆ 45 ರೂಪಾಯಿ, ನಂತರದ ಪ್ರತಿ ಅರ್ಧ ಕಿಲೋಗೆ 35. ಅಂದರೆ ಒಂದು ಕಟ್ಟಿಗೆ 290 ರೂಪಾಯಿ. ನನ್ನ ಜೊತೆ ಚೌಕಾಸಿ ಮಾಡುತ್ತಿದ್ದದ್ದು ಎರಡು ರೂಪಾಯಿಗೆ.

ಇನ್ನು ಹೊಸ ಪೆಟ್ಟಿಗೆ. ಇಲ್ಲಿ ನಾವು ಸರಕಿನಿಂದ ಶುರು ಮಾಡದೆ ಬಿಲ್ಲಿನಿಂದ ಹಿಂದಕ್ಕೆ ಬಂದೆವು. ಪುಡಿ, ಫಿಲ್ಟರ್, ಹಗುರ ಪೆಟ್ಟಿಗೆ ಎಲ್ಲ ಸೇರಿ ಒಂದೂವರೆ ಕಿಲೋದೊಳಗೆ ಬರುತ್ತದೆ. ಹಾಗಿದ್ದರೆ ಹೊರ ಅಳತೆಯ ಗುಣಲಬ್ಧ 7,500 ದಾಟಬಾರದು. ಮೊದಲ ನಮೂನೆಯ ಒಳ ಅಳತೆ 24, 20, 14. ಕೈಗೆ ಬಹಳ ಹಿತವಾಗಿತ್ತು, ತುಂಬುವ ಹೆಂಗಸರಿಗೂ ಇಷ್ಟವಾಯಿತು. ಮೂರು ಪ್ಲೈ, 3 ಮಿಲಿಮೀಟರ್ ದಪ್ಪ ಸೇರಿಸಿ ಹೊರಗಿನಿಂದ ಲೆಕ್ಕ ಹಾಕಿದರೆ 1.54 ಕಿಲೋ. ಬಿಲ್ ಆಗುವುದು 2 ಕಿಲೋಗೆ. ನಾಲ್ಕು ಕೂದಲೆಳೆಯಷ್ಟು ಹೆಚ್ಚಿಗೆ 35 ರೂಪಾಯಿ ತೆರಬೇಕು. ಎಲ್ಲ ಬದಿಯಲ್ಲೂ ಸುಮಾರು ಅರ್ಧ ಸೆಂಟಿಮೀಟರ್ ಕತ್ತರಿಸಿದೆವು: ಒಳಗೆ 234, 194, 135 ಮಿಲಿಮೀಟರ್, ಹೊರಗೆ 240, 200, 147. ಕೆಲವು ಕಡೆ ಸೆಂಟಿಮೀಟರಿನ ಚೂರನ್ನು ಮೇಲಕ್ಕೆ ಏರಿಸಿ ಅಳೆಯುತ್ತಾರೆ. ಹಾಗೆ ಏರಿಸಿದರೂ 24, 20, 15ಕ್ಕೆ ಬರುವುದು 1.44 ಕಿಲೋ.

ಗಟ್ಟಿತನದ ಪ್ರಶ್ನೆಗೆ ಬರುತ್ತೇನೆ. ಐದು ಪ್ಲೈ ಗಟ್ಟಿ, ಮೂರು ಪ್ಲೈ ಮೆದು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಆದರೆ ದೊಡ್ಡ ಪೆಟ್ಟಿಗೆಯೊಳಗೆ ಫಿಲ್ಟರ್ ಓಡಾಡಿ ಗೋಡೆಗೆ ಬಡಿದು ನೆಗ್ಗುತ್ತಿತ್ತು. ಅದನ್ನು ತಡೆಯಲು 6 ರೂಪಾಯಿಯ ಬಬಲ್ ಹಾಳೆ ಸುತ್ತುತ್ತಿದ್ದರು. ಸರಕು ಪೆಟ್ಟಿಗೆಯನ್ನು ಒಳಗಿನಿಂದ ತುಂಬಿ ನಿಂತರೆ ರಟ್ಟಿನ ಮೇಲಿನ ಹೊರೆ ಬಹಳ ಕಡಿಮೆಯಾಗುತ್ತದೆ. ನಾವು ಪೊಟ್ಟಣಗಳನ್ನು ಒಂದು ಪಕ್ಕದಲ್ಲಿ ನಿಲ್ಲಿಸಿ, ಫಿಲ್ಟರನ್ನು ಇನ್ನೊಂದು ಪಕ್ಕದಲ್ಲಿ ಮಲಗಿಸಿ, ಅದು ಜಾರದಂತೆ ಮಡಚಿದ ಒಂದು ರಟ್ಟಿನ ತಡೆ ಇಟ್ಟೆವು. ತಡೆಗೆ 1 ರೂಪಾಯಿ 80 ಪೈಸೆ. ಕಾಗದವನ್ನು ಮಾತ್ರ ಹೆಚ್ಚು ಬಿಎಫ್, ಅಂದರೆ ಒತ್ತಡಕ್ಕೆ ಒಡೆಯದೆ ತಡೆಯುವ ಬಲ, ಇರುವುದಕ್ಕೆ ಬದಲಿಸಿದೆವು. ಮಲೆನಾಡಿನ ಮಳೆಗಾಲದ ತೇವದಲ್ಲಿ ರಟ್ಟು ತನ್ನ ಬಲದ ಅರ್ಧವನ್ನೇ ಕಳೆದುಕೊಳ್ಳಬಹುದು, ಅಲ್ಲಿ ಅಗ್ಗದ ಕಾಗದ ನಡೆಯುವುದಿಲ್ಲ. ಆಮೇಲೆ ಸಾಗಣೆಯ ಪೆಟ್ಟಿಗೆಗಳನ್ನು ಪರೀಕ್ಷಿಸುವ ಇಸ್ಟಾ 1ಎ ಕ್ರಮದಲ್ಲಿ ಬೀಳಿಸಿ ನೋಡಿದೆವು. ಈ ತೂಕದ ಪೆಟ್ಟಿಗೆಯನ್ನು 76 ಸೆಂಟಿಮೀಟರ್ ಎತ್ತರದಿಂದ ಹತ್ತು ಬಾರಿ ಬೀಳಿಸಬೇಕು: ಒಂದು ಮೂಲೆ, ಮೂರು ಅಂಚು, ಆರು ಮುಖ. ಪೆಟ್ಟಿಗೆಯ ಮೂಲೆ ಜಜ್ಜಿತು, ಫಿಲ್ಟರ್ ನೆಗ್ಗಲಿಲ್ಲ. ನಮಗೆ ಬೇಕಾದದ್ದೂ ಅಷ್ಟೇ.

ಹೊಸ ಪೆಟ್ಟಿಗೆ 154 ಗ್ರಾಂ. ಒಳ್ಳೆಯ ಕಾಗದವಾದ್ದರಿಂದ ಕಿಲೋಗೆ 66 ರೂಪಾಯಿ, ಒಂದಕ್ಕೆ 10 ರೂಪಾಯಿ 20 ಪೈಸೆ. ಎಲ್ಲ ತುಂಬಿದ ಮೇಲೆ ತಕ್ಕಡಿಯಲ್ಲಿ 1 ಕಿಲೋ 460 ಗ್ರಾಂ. ಕೊರಿಯರ್ ಬಿಲ್ ಒಂದೂವರೆ ಕಿಲೋಗೆ 115 ರೂಪಾಯಿ.

ಈಗ ಉಳಿತಾಯ. ಜಾಹೀರಾತಿಗೆ ಬೇಕಾದರೆ ಹೀಗೆ ಬರೆಯಬಹುದು: ಒಂದು ಕಟ್ಟಿಗೆ ಮೊದಲು 323 ರೂಪಾಯಿ 60 ಪೈಸೆ, ಈಗ 127 ರೂಪಾಯಿ. ಉಳಿದ 196 ರೂಪಾಯಿ 60 ಪೈಸೆಯನ್ನು 1,200ರಿಂದ ಗುಣಿಸಿ, ತಿಂಗಳಿಗೆ 2,35,920 ರೂಪಾಯಿ. ಅಂಥ ಕರಪತ್ರಗಳನ್ನು ನೀವೂ ನೋಡಿದ್ದೀರಿ. ಆದರೆ ಆ 300 ಕಟ್ಟುಗಳಿಗೆ ಕೊರಿಯರ್ ಉಳಿತಾಯ ಎಲ್ಲಿದೆ? ಅವು 60 ರೂಪಾಯಿಗೆ ಹೋಗುತ್ತಿದ್ದವು, ಈಗಲೂ 60ಕ್ಕೇ ಹೋಗುತ್ತವೆ. ಹಾಗಾಗಿ ಕೊರಿಯರಿನಲ್ಲಿ ಉಳಿದದ್ದು 900 ಕಟ್ಟಿಗೆ 175ರಂತೆ 1,57,500. ಪೆಟ್ಟಿಗೆ ಮತ್ತು ಒಳಸಾಮಾನಿನಲ್ಲಿ 1,200ಕ್ಕೂ 21 ರೂಪಾಯಿ 60 ಪೈಸೆಯಂತೆ 25,920. ಒಟ್ಟು 1,83,420. ಎರಡೂ ಪೆಟ್ಟಿಗೆಗಳಿಗೆ ಒಂದೇ ತಿಂಗಳ ಕಾಗದದ ದರ ಹಿಡಿದಿದ್ದೇನೆ. ಕ್ರಾಫ್ಟ್ ಕಾಗದದ ಬೆಲೆ ಇಳಿದ ಲಾಭವನ್ನು ತನ್ನ ಜಾಣತನದ ಲೆಕ್ಕಕ್ಕೆ ಸೇರಿಸಿಕೊಳ್ಳುವ ಮಾರಾಟಗಾರರಿದ್ದಾರೆ, ಹುಷಾರಾಗಿರಿ. ಈ ಮೊತ್ತದಲ್ಲಿ ಪೆಟ್ಟಿಗೆಯ ಪಾಲು ನೂರಕ್ಕೆ ಹದಿನಾಲ್ಕು ಮಾತ್ರ, ಉಳಿದದ್ದೆಲ್ಲ ಕೊರಿಯರ್.

ಮೂರನೆಯ ವಾರಕ್ಕೆ ಯಜಮಾನರ ಫೋನ್ ಬಂತು. ಕೆಲವು ಕಟ್ಟುಗಳಿಗೆ ಮತ್ತೆ 2 ಕಿಲೋ ಬಿಲ್ ಆಗಿತ್ತು. ಪೆಟ್ಟಿಗೆ ಅದೇ, ತೂಕ ಅದೇ. ಬಿಲ್ಲಿನಲ್ಲಿ ಬರೆದಿದ್ದ ಅಳತೆ ನೋಡಿದೆವು: 24, 21, 15. ಅಗಲ ಮಾತ್ರ ಒಂದು ಸೆಂಟಿಮೀಟರ್ ಹೆಚ್ಚು. ಗುಣಿಸಿದರೆ 7,560, ಅಂದರೆ 1.512 ಕಿಲೋ. ಪೊಟ್ಟಣಗಳು ನಿಂತಿರುವುದು ಅಗಲದ ಕಡೆಗೆ. ಹೊಸದಾಗಿ ಹುರಿದ ಕಾಫಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಪುಡಿ ಮಾಡಿದ ಕೂಡಲೇ ಬಿಗಿಯಾಗಿ ಮುಚ್ಚಿದರೆ ಪೊಟ್ಟಣ ಉಬ್ಬುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಉಬ್ಬಲು ಜಾಗವಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಹೊಸದರಲ್ಲಿ ಅದು ಪಕ್ಕದ ಗೋಡೆಯನ್ನೇ ಹೊರಗೆ ತಳ್ಳಿತು. ಬೇಡಿಕೆ ಹೆಚ್ಚಿದ್ದ ದಿನ, ಹುರಿದ ಗಂಟೆಗಳೊಳಗೆ ತುಂಬಿದ ಕಟ್ಟುಗಳಿಗಷ್ಟೇ ಹೀಗಾಗಿತ್ತು. ಪೆಟ್ಟಿಗೆ ದೊಡ್ಡದು ಮಾಡುವ ಹಾಗಿರಲಿಲ್ಲ. ಗಾಳಿ ಹೊರಗೆ ಬಿಟ್ಟು ಒಳಗೆ ಬಿಡದ ವಾಲ್ವ್ ಇರುವ ಪೊಟ್ಟಣಕ್ಕೆ ಬದಲಾದರು. ಕಟ್ಟಿಗೆ 5 ರೂಪಾಯಿ ಹೆಚ್ಚು ಖರ್ಚು, ತಿಂಗಳಿಗೆ 6,000. ಪುಡಿಯ ಪರಿಮಳಕ್ಕೂ ಅದು ಒಳ್ಳೆಯದೇ, ಆದರೆ ಅದನ್ನು ಉಳಿತಾಯದಲ್ಲಿ ಸೇರಿಸುವುದು ನ್ಯಾಯವಲ್ಲ. ಖರ್ಚು ಕಳೆದರೆ ತಿಂಗಳಿಗೆ ಉಳಿಯುವುದು 1,77,420.

ಒಮ್ಮೆ ಮಾತ್ರ ಬರುವ ಖರ್ಚುಗಳೂ ಇವೆ. ಮುದ್ರಣದ ಅಚ್ಚಿಗೆ 6,000. ಅದಕ್ಕಿಂತ ದೊಡ್ಡದು ಗೋದಾಮಿನಲ್ಲಿ ಉಳಿದಿದ್ದ 2,200 ಹಳೆಯ ಪೆಟ್ಟಿಗೆಗಳು. ಅವುಗಳ ಬೆಲೆ 60,720 ರೂಪಾಯಿ. ಮುಗಿಯುವ ತನಕ ಅವನ್ನೇ ಬಳಸೋಣ ಎಂದು ಯಜಮಾನರು ಹೇಳಿದರು. 27 ರೂಪಾಯಿಯ ಪೆಟ್ಟಿಗೆ ಹಾಳಾಗಬಾರದೆಂದು ಪ್ರತಿಸಲ 175 ರೂಪಾಯಿ ಕಳೆದುಕೊಳ್ಳುವುದು ಯಾವ ಲೆಕ್ಕ? ಒಂದಷ್ಟನ್ನು ಸುತ್ತಮುತ್ತಲಿನ ಆ 300ಕ್ಕೆ ಬಳಸಿದರು, ಉಳಿದದ್ದು ದೀಪಾವಳಿಯ ಉಡುಗೊರೆ ಕಟ್ಟಿಗೆ ಹೋಯಿತು. ಆದರೂ ಪೂರ್ತಿ ನಷ್ಟವೆಂದೇ ಹಿಡಿದು ಮೊದಲ ತಿಂಗಳ ಮೇಲೆ ಹೇರಿದರೆ ಆ ತಿಂಗಳ ಉಳಿತಾಯ 1,10,700.

ನನ್ನ ಕಡೆಯ ಲೆಕ್ಕವನ್ನೂ ಹೇಳಬೇಕು. ಈ ಕಟ್ಟಿನಿಂದ ನನಗೆ ತಿಂಗಳಿಗೆ 33,120 ರೂಪಾಯಿಯ ವ್ಯಾಪಾರವಿತ್ತು. ಈಗ ತಡೆಯೂ ಸೇರಿ 14,400. ಇದರಿಂದ ಸಂತೋಷವಾಯಿತು ಎಂದರೆ ನೀವು ನಂಬಬಾರದು. ನಾನು ಅವರೊಂದಿಗೆ ಕಿಲೋ ದರದ ಒಪ್ಪಂದ ಬಿಟ್ಟು ಒಂದು ಪೆಟ್ಟಿಗೆಗೆ ಇಷ್ಟು ಎಂಬ ಒಪ್ಪಂದಕ್ಕೆ ಬಂದೆ, ಅವರ ಉಳಿದ ಪೆಟ್ಟಿಗೆಗಳ ಕೆಲಸವೂ ಬಂತು.

ಆ ಉಳಿದವುಗಳಲ್ಲಿ ಮೊದಲು ತಂದು ತೋರಿಸಿದ್ದು ಫಿಲ್ಟರ್ ಇಲ್ಲದ, ಅರ್ಧ ಕಿಲೋದ ನಾಲ್ಕು ಪೊಟ್ಟಣಗಳ ಕಟ್ಟು. ಇದರಲ್ಲೂ ಅಷ್ಟೇ ಉಳಿಸಿಕೊಡಿ ಎಂದರು. ತೂಗಿದೆ, 2 ಕಿಲೋ 210 ಗ್ರಾಂ. ಅಳೆದು ಭಾಗಿಸಿದೆ, ಒಂದೂವರೆ ಕಿಲೋ ಕೂಡ ದಾಟಲಿಲ್ಲ. ಇಲ್ಲಿ ಬಿಲ್ ಆಗುವುದು ತಕ್ಕಡಿಯ ತೂಕಕ್ಕೆ, ಎರಡೂವರೆ ಕಿಲೋಗೆ. ಪೆಟ್ಟಿಗೆಯನ್ನು ಎಷ್ಟು ಕಿರಿದು ಮಾಡಿದರೂ ಒಳಗಿನ ಎರಡು ಕಿಲೋ ಪುಡಿ ಕಡಿಮೆಯಾಗುವುದಿಲ್ಲ. ಆ ಪೆಟ್ಟಿಗೆಯನ್ನು ಹಾಗೆಯೇ ಬಿಡಿ ಎಂದು ಹೇಳಿ ಬಂದೆ.