ನಾಯಿ ಕಡಿತದ ಚಾರ್ಟನ್ನು ಹೆಜ್ಜೆಗಳಾಗಿ ಬರೆಯುವ ಬಗೆ

ಕೇಳುಗರಿಗೆ ನಮಸ್ಕಾರ.

ಆಸ್ಪತ್ರೆಗಳ ಚುಚ್ಚುಮದ್ದಿನ ಕೋಣೆಗಳಲ್ಲಿ ನಾಯಿ ಕಡಿತದ ಚಿಕಿತ್ಸೆಯನ್ನು ವಿವರಿಸುವ ಚಾರ್ಟನ್ನು ಗೋಡೆಗೆ ಅಂಟಿಸಿರುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಮೇಲ್ಭಾಗದಲ್ಲಿ 'ಪ್ರಾಣಿ ಕಡಿತ' ಎಂಬ ಒಂದು ಚೌಕ, ಅದರಿಂದ ಹೊರಟ ಮೂರು ಬಾಣಗಳು, ಅವುಗಳ ಕೆಳಗೆ ಮೊದಲನೆಯ, ಎರಡನೆಯ, ಮೂರನೆಯ ವರ್ಗ ಎಂಬ ಚೌಕಗಳು, ಪಕ್ಕದಲ್ಲಿ 'ಹಿಂದೆ ಲಸಿಕೆ ಪಡೆದಿದ್ದಾರೆಯೇ' ಎಂದು ಕೇಳುವ ಪ್ರಶ್ನೆ, ಇನ್ನೊಂದು ಮೂಲೆಯಲ್ಲಿ ನಾಯಿಯನ್ನು 10 ದಿನ ಗಮನಿಸಬೇಕೆಂಬ ಸೂಚನೆ, ತಳದಲ್ಲಿ ಎರಡು ಬಗೆಯ ಲಸಿಕೆಯ ದಿನಗಳ ಪಟ್ಟಿ. ಅಲ್ಲಿರುವುದೆಲ್ಲವೂ ಸರಿಯೇ ಇರುತ್ತದೆ. ಆದರೆ ಗಾಯದಿಂದ ರಕ್ತ ಒಸರುತ್ತಿರುವ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಅದರ ಮುಂದೆ ನಿಂತರೆ ಏನೂ ತಿಳಿಯುವುದಿಲ್ಲ. ಅದೇ ಚಾರ್ಟನ್ನು ಸರಳ ಮಾತಿನಲ್ಲಿ, ಅಂಕಿ ಹಾಕಿದ ಹೆಜ್ಜೆಗಳಾಗಿ ಬರೆಯುವುದು ಹೇಗೆ ಎಂಬುದನ್ನು ಇಂದು ವಿವರಿಸುತ್ತೇನೆ. ಆಶಾ ಕಾರ್ಯಕರ್ತೆಯರಿಗೆ, ಶಾಲಾ ಶಿಕ್ಷಕರಿಗೆ, ಗ್ರಾಮ ಪಂಚಾಯಿತಿಯ ಸೂಚನಾ ಫಲಕದ ಹೊಣೆ ಹೊತ್ತವರಿಗೆ ಇದು ನೇರವಾಗಿ ಬಳಕೆಗೆ ಬರುವ ಕೆಲಸ.

ಆ ಚಾರ್ಟನ್ನು ಸಿದ್ಧಪಡಿಸಿರುವುದು ವೈದ್ಯರಿಗಾಗಿ. ಬಾಗಿಲಲ್ಲಿ ಯಾವ ರೋಗಿ ಬಂದರೂ ಉತ್ತರ ಸಿಗಬೇಕಾದ್ದರಿಂದ ಎಲ್ಲ ಬಗೆಯ ಪ್ರಕರಣಗಳನ್ನೂ ಒಂದೇ ಹಾಳೆಯ ಮೇಲೆ ಹರಡಿರುತ್ತಾರೆ. ಕಡಿತಕ್ಕೆ ಒಳಗಾದವರ ಮುಂದೆ ಇರುವುದು ಒಂದೇ ಪ್ರಕರಣ, ಅದೂ ಗಂಟೆಯಿಂದ ಗಂಟೆಗೆ ಸಾಗುವಂಥದ್ದು. ಆದ್ದರಿಂದ ಹೆಜ್ಜೆಗಳನ್ನು ಬರೆಯುವಾಗ ಚೌಕಗಳು ಹಾಳೆಯ ಮೇಲೆ ಎಲ್ಲಿವೆ ಎಂಬುದನ್ನು ಮರೆತು, ಮನೆಯವರು ಯಾವ ಹೊತ್ತಿಗೆ ಏನು ಮಾಡುತ್ತಾರೆ ಎಂಬ ಕ್ರಮವನ್ನು ಹಿಡಿಯಬೇಕು. ನನ್ನ ಮಟ್ಟಿಗೆ ಈ ಕೆಲಸದ ತಿರುಳೆಲ್ಲ ಇರುವುದು ಇಲ್ಲಿಯೇ.

ಈ ಕ್ರಮವನ್ನು ಹಿಡಿದಾಗ ಚಾರ್ಟಿನ ಜೋಡಣೆ ಹಲವೆಡೆ ಬದಲಾಗುತ್ತದೆ. ಗಾಯ ತೊಳೆಯುವುದನ್ನು ನೋಡಿ. ಚಾರ್ಟಿನಲ್ಲಿ ಅದು ಎರಡನೆಯ ಮತ್ತು ಮೂರನೆಯ ವರ್ಗದ ಚೌಕಗಳ ಒಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅಂದರೆ ವರ್ಗವನ್ನು ತೀರ್ಮಾನಿಸಿದ ಬಳಿಕ ಬರುತ್ತದೆ. ನಿಜದಲ್ಲಿ ಅದು ಎಲ್ಲಕ್ಕಿಂತ ಮೊದಲು, ಮನೆಯಲ್ಲಿಯೇ, ಯಾವ ವರ್ಗವೆಂದು ಯಾರೂ ಹೇಳುವ ಮುನ್ನವೇ ನಡೆಯಬೇಕು. ರೇಬಿಸ್ ವೈರಾಣು ನಾಯಿಯ ಜೊಲ್ಲಿನಲ್ಲಿ ಬಂದು ಗಾಯದಲ್ಲಿ ಉಳಿಯುತ್ತದೆ, ಬಳಿಕ ನರಗಳನ್ನು ಹಿಡಿದು ಮೆದುಳಿನತ್ತ ಸಾಗುತ್ತದೆ. ಸೋಪು ಮತ್ತು ಹರಿಯುವ ನೀರು ಅದನ್ನು ಗಾಯದಲ್ಲಿಯೇ ಬಹುಮಟ್ಟಿಗೆ ಕಡಿಮೆ ಮಾಡುತ್ತವೆ. ಹಾಗಾಗಿ ಯಾವ ಬಾಣದ ತುದಿಯಲ್ಲಿದ್ದರೂ ಇದು ನಮ್ಮ ಒಂದನೆಯ ಹೆಜ್ಜೆ.

ಪ್ರಶ್ನೆಯ ಚೌಕಗಳಲ್ಲಿ ಇನ್ನೊಂದು ತೊಡಕಿದೆ. ಚಾರ್ಟಿನ ಕಣ್ಣಿಗೆ ಅವೆಲ್ಲ ಸಮಾನ. ಬರೆಯುವವರು ಮಾತ್ರ ಪ್ರತಿ ಪ್ರಶ್ನೆಯನ್ನೂ ನಿಲ್ಲಿಸಿ, ಇದರ ಉತ್ತರದಿಂದ ಮುಂದಿನ ಕೆಲಸ ಬದಲಾಗುತ್ತದೆಯೇ, ಬದಲಾಗುವುದಾದರೆ ಯಾವಾಗ, ಎಂದು ಕೇಳಿಕೊಳ್ಳಬೇಕು. 'ಹಿಂದೆ ಪೂರ್ತಿ ಲಸಿಕೆ ಪಡೆದಿದ್ದಾರೆಯೇ' ಎಂಬ ಪ್ರಶ್ನೆ ಮೂಲೆಯಲ್ಲಿ ಇದ್ದರೂ ಅದರ ಉತ್ತರ ಇಡೀ ಚಿಕಿತ್ಸೆಯನ್ನೇ ಬದಲಿಸುತ್ತದೆ. ಅಂಥವರಿಗೆ ಎರಡು ದಿನದ ಲಸಿಕೆ ಸಾಕು, ಗಾಯದೊಳಗೆ ಕೊಡುವ ಚುಚ್ಚುಮದ್ದು ಬೇಕಿಲ್ಲ. ಆದ್ದರಿಂದ ಆ ಪ್ರಶ್ನೆಯನ್ನು ಮೂಲೆಯಿಂದ ಎತ್ತಿ ಲಸಿಕೆಯ ಹೆಜ್ಜೆಗಿಂತ ಮುಂಚೆ ಇಡಬೇಕು ಮತ್ತು ಅಲ್ಲಿಯೇ ಅವರ ಮಾತನ್ನು ಮುಗಿಸಿಬಿಡಬೇಕು. 'ಹೌದಾದರೆ ಆರನೆಯ ಹೆಜ್ಜೆಗೆ ಹೋಗಿ, ಅಲ್ಲವಾದರೆ ನಾಲ್ಕಕ್ಕೆ ಹೋಗಿ' ಎಂದು ಬರೆದರೆ ನಾವು ಬಾಣಗಳನ್ನೇ ಅಕ್ಷರಗಳಲ್ಲಿ ಮತ್ತೆ ಬರೆದಂತಾಗುತ್ತದೆ.

ಇದಕ್ಕೆ ತದ್ವಿರುದ್ಧವಾಗಿರುವುದು ನಾಯಿಯನ್ನು 10 ದಿನ ಗಮನಿಸುವ ಚೌಕ. ಚಾರ್ಟನ್ನು ಓದುವ ಅಭ್ಯಾಸವಿಲ್ಲದವರು ಅದನ್ನು ಲಸಿಕೆಗೆ ಮುಂಚಿನ ಬಾಗಿಲೆಂದು ತಿಳಿದು, ನಾಯಿ ಬದುಕಿದೆಯೇ ಸತ್ತಿದೆಯೇ ಎಂದು ನೋಡಿಕೊಂಡು ಆಮೇಲೆ ಆಸ್ಪತ್ರೆಗೆ ಹೋಗೋಣ ಎಂದುಕೊಳ್ಳುತ್ತಾರೆ. ಇದು ಪ್ರಾಣಕ್ಕೆ ಎರವಾಗುವ ತಪ್ಪು, ಏಕೆಂದರೆ ರೇಬಿಸ್ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ರೋಗಿ ಉಳಿಯುವುದು ತೀರಾ ಅಪರೂಪ. ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಚರ್ಮದ ಪದರದೊಳಗೆ ಕೊಡುವ ಲಸಿಕೆಯ ಕ್ರಮದಲ್ಲಿ ಒಟ್ಟು ನಾಲ್ಕು ಭೇಟಿಗಳಿದ್ದು, ಮೊದಲ ಮೂರು ಏಳನೆಯ ದಿನಕ್ಕೇ ಮುಗಿದಿರುತ್ತವೆ. ನಾಯಿಯ ಹತ್ತು ದಿನ ತುಂಬುವ ಹೊತ್ತಿಗೆ ಉಳಿದಿರುವುದು ಒಂದು ಭೇಟಿ ಮಾತ್ರ. ಅಂದಮೇಲೆ ಆ ಚೌಕಕ್ಕೆ ಮೊದಲ ಮೂರು ಭೇಟಿಗಳನ್ನು ತಡೆಯುವ ಅಧಿಕಾರವೇ ಇಲ್ಲ. ಅದು ಚಿಕಿತ್ಸೆಯ ಜೊತೆಜೊತೆಗೆ ನಡೆಯುವ ಕೆಲಸವಾದ್ದರಿಂದ ಅದರ ಸ್ಥಾನ ಕೊನೆಯ ಹೆಜ್ಜೆಯಲ್ಲಿ.

ಇನ್ನು ದಿನಗಳ ಲೆಕ್ಕ. ಚಾರ್ಟಿನಲ್ಲಿ '0, 3, 7, 28' ಎಂದಿರುತ್ತದೆ. ಈ ಸೊನ್ನೆ ಎಂದರೆ ಮೊದಲ ಲಸಿಕೆ ಪಡೆದ ದಿನ. ಸಾಮಾನ್ಯವಾಗಿ ಜನ ಚುಚ್ಚುಮದ್ದು ಪಡೆದ ದಿನವನ್ನೇ ಒಂದೆಂದು ಎಣಿಸುವುದರಿಂದ ಮುಂದಿನ ಭೇಟಿಗಳೆಲ್ಲ ಒಂದು ದಿನ ಮುಂಚೆಯೇ ಬಂದುಬಿಡುತ್ತವೆ. ಇದಕ್ಕೆ ಪರಿಹಾರ ವಿವರಣೆಯಲ್ಲ, ಕ್ಯಾಲೆಂಡರಿನ ತಾರೀಖು. ಹೆಜ್ಜೆಯಲ್ಲಿ ಖಾಲಿ ಜಾಗ ಬಿಟ್ಟು, ದಾದಿಯವರಿಂದಲೇ ತಾರೀಖುಗಳನ್ನು ಬರೆಸಿಕೊಳ್ಳುವಂತೆ ಹೇಳಬೇಕು. ಚಾರ್ಟಿನಲ್ಲಿ ಎರಡನೆಯ ಕ್ರಮವೊಂದೂ ಇರುತ್ತದೆ: ತೋಳಿನ ಸ್ನಾಯುವಿಗೆ ಕೊಡುವ ಲಸಿಕೆಗೆ 0, 3, 7, 14, 28 ಎಂದು ಐದು ಭೇಟಿಗಳು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಬೇಡಿ. ನಿಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಯಾವುದನ್ನು ಕೊಡುತ್ತಾರೋ ಅದನ್ನು ವಿಚಾರಿಸಿ ಅದೊಂದನ್ನೇ ಬರೆಯಿರಿ.

ಹೀಗೆ ಮರುಜೋಡಿಸಿದ ಬಳಿಕ ಹೆಜ್ಜೆಗಳು ಈ ರೂಪಕ್ಕೆ ಬರುತ್ತವೆ. ನಿಧಾನವಾಗಿ ಓದುತ್ತೇನೆ, ಬೇಕಾದವರು ಬರೆದುಕೊಳ್ಳಬಹುದು.

1. ಕಡಿದ ಕೂಡಲೇ ಗಾಯಕ್ಕೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನ ಪುಡಿ ಯಾವುದನ್ನೂ ಹಚ್ಚಬೇಡಿ. ಗಾಯವನ್ನು ಬಿಗಿಯಾಗಿ ಕಟ್ಟಬೇಡಿ.

2. ಅದೇ ದಿನ ಆಸ್ಪತ್ರೆಗೆ ಹೋಗಿ. ನಾಯಿಗೆ ಏನಾಗುತ್ತದೆ ಎಂದು ಕಾಯಬೇಡಿ.

3. ಹಿಂದೆ ಎಂದಾದರೂ ರೇಬಿಸ್ ಲಸಿಕೆಯನ್ನು ಪೂರ್ತಿಯಾಗಿ ಪಡೆದಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಚೀಟಿಯಿದ್ದರೆ ತೋರಿಸಿ. ನಿಮಗೆ ಇಂದು ಮತ್ತು ಮೂರು ದಿನಗಳ ನಂತರ ಲಸಿಕೆ ಕೊಡುತ್ತಾರೆ, ಅಷ್ಟು ಸಾಕು. ಕೆಳಗಿನ ಹೆಜ್ಜೆಗಳು ಉಳಿದವರಿಗೆ.

4. ಇಂದೇ ಮೊದಲ ಲಸಿಕೆ ಪಡೆಯಿರಿ. ಎರಡೂ ತೋಳುಗಳ ಮೇಲ್ಭಾಗದ ಚರ್ಮಕ್ಕೆ ಒಂದೊಂದು ಸಣ್ಣ ಚುಚ್ಚುಮದ್ದು ಕೊಡುತ್ತಾರೆ. ಹೊಕ್ಕುಳಿನ ಸುತ್ತ ಕೊಡುವುದಿಲ್ಲ.

5. ಗಾಯದಿಂದ ರಕ್ತ ಬಂದಿದ್ದರೆ, ಅಥವಾ ನಾಯಿಯ ಜೊಲ್ಲು ಹಳೆಯ ಗಾಯಕ್ಕೆ, ಕಣ್ಣಿಗೆ, ಬಾಯಿಗೆ ತಗುಲಿದ್ದರೆ, ಗಾಯದೊಳಗೆ ಕೊಡುವ ಸೀರಮ್ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ. ಅದು ಅಲ್ಲಿ ಇಲ್ಲದಿದ್ದರೆ ಲಸಿಕೆ ಪಡೆದುಕೊಂಡೇ ದೊಡ್ಡ ಆಸ್ಪತ್ರೆಗೆ ಹೋಗಿ.

6. ಮುಂದಿನ ಮೂರು ಲಸಿಕೆಗಳ ತಾರೀಖನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಆಯಾ ದಿನ ತಪ್ಪದೆ ಹೋಗಿ.

7. ಕಡಿದ ನಾಯಿ ಕಣ್ಣಿಗೆ ಬೀಳುವಂತಿದ್ದರೆ 10 ದಿನ ದೂರದಿಂದ ಗಮನಿಸಿ. ಅದು ಸತ್ತರೆ, ಅದರ ವರ್ತನೆ ಬದಲಾದರೆ, ಅಥವಾ ಕಾಣೆಯಾದರೆ ವೈದ್ಯರಿಗೆ ತಿಳಿಸಿ. ನಾಯಿ ಆರೋಗ್ಯವಾಗಿದೆ ಎಂದು ನೀವಾಗಿಯೇ ಲಸಿಕೆ ನಿಲ್ಲಿಸಬೇಡಿ.

ಐದನೆಯ ಹೆಜ್ಜೆಯನ್ನು ಬರೆಯುವುದೇ ಇಲ್ಲಿ ಎಲ್ಲಕ್ಕಿಂತ ಕಷ್ಟ. ಚಾರ್ಟಿನಲ್ಲಿ ಅದು 'ಮೂರನೆಯ ವರ್ಗ: ಇಮ್ಯುನೊಗ್ಲಾಬ್ಯುಲಿನ್' ಎಂದಿದ್ದು, ಜೊತೆಗೆ ದೇಹದ ತೂಕದ ಪ್ರತಿ ಕಿಲೋಗೆ ಇಷ್ಟು ಯೂನಿಟ್ ಎಂಬ ಪ್ರಮಾಣವೂ ಇರುತ್ತದೆ. ಪ್ರಮಾಣದ ಲೆಕ್ಕ ವೈದ್ಯರದು, ಅದನ್ನು ಮನೆಯವರ ಹಾಳೆಯಿಂದ ಬಿಡಬಹುದು. ವರ್ಗ ಎಂಬ ಹೆಸರನ್ನೂ ಬಿಟ್ಟು, ಆ ವರ್ಗವನ್ನು ಗುರುತಿಸುವ ಕಣ್ಣಿಗೆ ಕಾಣುವ ಲಕ್ಷಣಗಳನ್ನು ಬರೆಯಬೇಕು. ಆದರೆ ಹೆಜ್ಜೆಯನ್ನೇ ಬಿಟ್ಟುಬಿಡುವಂತಿಲ್ಲ. ಲಸಿಕೆಯಿಂದ ದೇಹ ತನ್ನದೇ ರಕ್ಷಣೆಯನ್ನು ಕಟ್ಟಿಕೊಳ್ಳಲು ಒಂದು ವಾರಕ್ಕೂ ಹೆಚ್ಚು ಕಾಲ ಬೇಕು. ಆ ನಡುವಿನ ದಿನಗಳಲ್ಲಿ ಗಾಯದಲ್ಲಿರುವ ವೈರಾಣುವನ್ನು ಅಲ್ಲಿಯೇ ತಡೆಯುವುದು ಈ ಸೀರಮ್. ಎರಡಕ್ಕೂ ಹೋಗುವ ಬಾಣಗಳು ಚಾರ್ಟಿನಲ್ಲಿ ಅಕ್ಕಪಕ್ಕ ಇರುತ್ತವೆ, ಅಂದರೆ ಎರಡನ್ನೂ ಅದೇ ದಿನ ಕೊಡಬೇಕು. ಹೆಜ್ಜೆಗಳಲ್ಲಿ ಒಂದಾದ ಮೇಲೆ ಒಂದು ಬರುವಾಗ ಈ ಅರ್ಥ ಕಳೆದುಹೋಗುತ್ತದೆ, ಅದಕ್ಕಾಗಿಯೇ 'ಲಸಿಕೆ ಪಡೆದುಕೊಂಡೇ' ಎಂಬ ಮಾತನ್ನು ಸೇರಿಸಿದ್ದು.

ಒಂದು ಪ್ರಕರಣವನ್ನು ಊಹಿಸಿಕೊಂಡು ಹೆಜ್ಜೆಗಳನ್ನು ಪರೀಕ್ಷಿಸೋಣ. ಜೂನ್ 3ರ ಸಂಜೆ ಹತ್ತು ವರ್ಷದ ಹುಡುಗನ ಮೀನಖಂಡಕ್ಕೆ ಬೀದಿ ನಾಯಿ ಕಡಿದಿದೆ, ಎರಡು ಹಲ್ಲಿನ ಗುರುತುಗಳಿಂದ ರಕ್ತ ಬಂದಿದೆ, ಹಿಂದೆ ಲಸಿಕೆ ಪಡೆದಿಲ್ಲ. ಮನೆಯವರು ಗಾಯ ತೊಳೆದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತಾರೆ. ಮೂರನೆಯ ಹೆಜ್ಜೆ ಅವರಿಗೆ ಅನ್ವಯಿಸುವುದಿಲ್ಲ. ನಾಲ್ಕನೆಯದರಂತೆ ಅಂದೇ ಲಸಿಕೆ ಆಗುತ್ತದೆ. ರಕ್ತ ಬಂದಿರುವುದರಿಂದ ಸೀರಮ್ ಬೇಕು, ಆದರೆ ಅಲ್ಲಿ ದಾಸ್ತಾನಿಲ್ಲ. ರಾತ್ರಿಯಾದ್ದರಿಂದ ಅವರು ಮರುದಿನ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾರೆ. ಮೊದಲ ಲಸಿಕೆಯಾದ ಏಳು ದಿನಗಳೊಳಗೆ, ಅಂದರೆ ಜೂನ್ 10ರವರೆಗೆ, ಸೀರಮ್ ಕೊಡಲು ಅವಕಾಶವಿದೆ. ಆದರೂ ಬೇಗ ಕೊಟ್ಟಷ್ಟೂ ಒಳ್ಳೆಯದು. ಮುಂದಿನ ತಾರೀಖುಗಳು ಜೂನ್ 6, ಜೂನ್ 10 ಮತ್ತು ಜುಲೈ 1. ಬೀದಿ ನಾಯಿ ಮತ್ತೆ ಕಾಣಲೇ ಇಲ್ಲವೆಂದರೂ ಯಾವ ಹೆಜ್ಜೆಯೂ ಅದಕ್ಕಾಗಿ ನಿಲ್ಲುವುದಿಲ್ಲ.

ಹಾಳೆಯನ್ನು ಹಂಚುವ ಮುನ್ನ ಎರಡು ಪರೀಕ್ಷೆಗಳನ್ನು ಮಾಡಿ. ಮೂಲ ಚಾರ್ಟನ್ನು ಎದುರಿಗಿಟ್ಟುಕೊಂಡು ಪ್ರತಿ ಬಾಣದ ಮೇಲೂ ಪೆನ್ಸಿಲಿನಿಂದ ಗೆರೆ ಎಳೆಯುತ್ತಾ, ಅದು ಯಾವ ಹೆಜ್ಜೆಗೆ ಬಂದಿದೆ ಎಂದು ಅಂಕಿ ಹಾಕಿ. ಅಂಕಿಯಿಲ್ಲದೆ ಉಳಿದ ಬಾಣವನ್ನು ನೀವು ಬೇಕೆಂದೇ ಬಿಟ್ಟಿರಬೇಕು, ಬಿಟ್ಟಿದ್ದಕ್ಕೆ ಕಾರಣವನ್ನೂ ಹೇಳಬಲ್ಲವರಾಗಿರಬೇಕು. ನಮ್ಮ ಹಾಳೆಯಲ್ಲಿ ಹಾಗೆ ಬಿಟ್ಟಿರುವುದು ಮೊದಲನೆಯ ವರ್ಗವನ್ನು, ಅಂದರೆ ನಾಯಿಯನ್ನು ಮುಟ್ಟಿದ, ಅಥವಾ ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ ಪ್ರಕರಣವನ್ನು. ಅಂಥವರಿಗೆ ಲಸಿಕೆ ಬೇಕಿಲ್ಲವಾದರೂ, ಗಾಯವಿಲ್ಲ ಎಂಬ ತೀರ್ಮಾನವನ್ನು ವೈದ್ಯರು ಮಾಡುವುದೇ ಕ್ಷೇಮವೆಂದು ಅದನ್ನು ಬಿಟ್ಟಿದ್ದೇನೆ.

ಎರಡನೆಯ ಪರೀಕ್ಷೆಗೆ ಚಾರ್ಟನ್ನು ಎಂದೂ ನೋಡದ ಒಬ್ಬರು ಬೇಕು. ಅವರಿಗೆ ಹಾಳೆಯನ್ನು ಕೊಟ್ಟು, ಅರ್ಥವಾಯಿತೇ ಎಂದು ಕೇಳಬೇಡಿ, ಹೌದೆನ್ನುತ್ತಾರೆ. ಬದಲಿಗೆ ಪ್ರಕರಣವೊಂದನ್ನು ಹೇಳಿ, 'ಈಗ ಏನು ಮಾಡುತ್ತೀರಿ, ನಾಳೆ ಏನು ಮಾಡುತ್ತೀರಿ' ಎಂದು ಕೇಳಿ. ಸಾಕಿದ ನಾಯಿ ಕಡಿದಿದೆ, ಅದಕ್ಕೆ ಲಸಿಕೆ ಹಾಕಿಸಿದೆ ಎಂದು ಹೇಳಿ ನೋಡಿ. ಹಾಗಾದರೆ ಮನೆಯಲ್ಲಿಯೇ ಇರಬಹುದು ಎಂದು ಅವರು ಉತ್ತರಿಸಿದರೆ ಎರಡನೆಯ ಹೆಜ್ಜೆಯನ್ನು ತಿದ್ದಿ, 'ಸಾಕಿದ ನಾಯಿಯಾದರೂ, ಅದಕ್ಕೆ ಲಸಿಕೆ ಹಾಕಿಸಿದ್ದರೂ ಹೋಗಿ' ಎಂದು ಸೇರಿಸಿ. ಇಷ್ಟಾದ ಮೇಲೆ ಹಾಳೆಯನ್ನು ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ತೋರಿಸಿ ಒಪ್ಪಿಗೆ ಪಡೆಯಿರಿ, ಮತ್ತು ಯಾವ ವರ್ಷದ ಚಾರ್ಟಿನಿಂದ ಬರೆದದ್ದು ಎಂಬುದನ್ನು ಕೆಳಗೆ ನಮೂದಿಸಿ. ಲಸಿಕೆಯ ಕ್ರಮ ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತದೆ. ಗೋಡೆಯ ಮೇಲೆ ಹೊಸ ಚಾರ್ಟ್ ಬಂದ ದಿನ ನಾಲ್ಕನೆಯ ಮತ್ತು ಆರನೆಯ ಹೆಜ್ಜೆಗಳನ್ನು ಮೊದಲು ಹೋಲಿಸಿ ನೋಡಬೇಕು.

ನಮಸ್ಕಾರ.