ಸಜ್ಜೆ ಕಡ್ಡಿ ಬರುವ ಮುಂಚೆ ಐದು ಪೋಸ್ಟ್: ಏನು ತೋರಿಸಬೇಕು, ಏನು ಬಚ್ಚಿಡಬೇಕು

[ದೃಶ್ಯ: ಕಪ್ಪು ಬಟ್ಟೆಯ ಮೇಲೆ ಒಂದೇ ಒಂದು ಕಾಳು. ಕ್ಯಾಮೆರಾ ತೀರಾ ಹತ್ತಿರ.]

ಇದೇನು ಹೇಳಿ ನೋಡೋಣ. ಬೂದು ಬಣ್ಣ. ಒಂದು ತುದಿ ದುಂಡಗೆ, ಇನ್ನೊಂದು ಚೂಪು. ಕಲ್ಲಾ? ಮಣಿನಾ?

ಇದು ಸಜ್ಜೆ. ದಿನಾ ತಿನ್ನುವವರೂ ಇದನ್ನು ಇಷ್ಟು ಹತ್ತಿರದಿಂದ ನೋಡಿರುವುದು ಕಡಿಮೆ. ಅದಕ್ಕೇ ಫೋನ್ ಸರಿಸುವ ಬೆರಳು ಒಂದು ಕ್ಷಣ ನಿಲ್ಲುತ್ತದೆ. ಹೊಸ ತಿಂಡಿ ಅಂಗಡಿಗೆ ಬರುವ ಮುಂಚೆ ಕುತೂಹಲ ಹುಟ್ಟಿಸಲು ಹಾಕುವ ಟೀಸರ್ ಪೋಸ್ಟ್‌ಗೆ ಬೇಕಿರುವುದು ಆ ಕ್ಷಣ.

[ದೃಶ್ಯ: ಮಾತನಾಡುವವರು ಕ್ಯಾಮೆರಾ ಎದುರು.]

ಸಿರಿಧಾನ್ಯದ ಹೊಸ ತಿಂಡಿ ತರುವಾಗ ನಾನು ಹಾಕಿದ ಮೊದಲ ಪೋಸ್ಟ್ ಹೀಗಿತ್ತು: ಬಣ್ಣದ ಹಿನ್ನೆಲೆ, ಮೇಲೆ "ಹೊಸದೇನೋ ಬರ್ತಿದೆ, ಕಾಯ್ತಾ ಇರಿ!" ಕೆಳಗೆ ಒಬ್ಬರು ಕೇಳಿದರು, "ಬಟ್ಟೆ ಅಂಗಡಿನಾ?" ಅವರ ತಪ್ಪೇನಿಲ್ಲ. ಏನೂ ಗೊತ್ತಿಲ್ಲದ ವಿಷಯದ ಬಗ್ಗೆ ಕುತೂಹಲ ಹುಟ್ಟುವುದಿಲ್ಲ. ಮುಕ್ಕಾಲು ಗೊತ್ತಿದ್ದು ಕಾಲು ಭಾಗ ಬಾಕಿ ಇದ್ದರೆ, ಆಗ ತಲೆಯಲ್ಲಿ ಹುಳ ಕೊರೆಯುತ್ತದೆ. ಹಾಗಾಗಿ ಒಂದು ಪೋಸ್ಟ್‌ನಲ್ಲಿ ಒಂದನ್ನು ಮಾತ್ರ ಬಚ್ಚಿಡಿ. ಇದು ತಿನ್ನುವ ವಸ್ತು ಅನ್ನುವುದಂತೂ ಮೊದಲ ದಿನವೇ ತಿಳಿಯಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂರು ಹೊಸ ತಿಂಡಿ: ಸಜ್ಜೆ ಕಡ್ಡಿ, ಜೋಳದ ಪಫ್, ರಾಗಿ ಬಿಸ್ಕತ್ತು. ಹತ್ತು ದಿನ, ಐದು ಪೋಸ್ಟ್.

ಮೊದಲ ದಿನ ಆ ಕಾಳು. ಜೊತೆಗೆ ಒಂದು ಸಾಲು: "ಇನ್ನು ಹತ್ತು ದಿನಕ್ಕೆ ಇದನ್ನು ಕುರುಂ ಕುರುಂ ಅಂತ ತಿನ್ನಬಹುದು. ಯಾವ ಕಾಳು?" ಬಚ್ಚಿಟ್ಟಿದ್ದು ಹೆಸರು ಮಾತ್ರ.

[ದೃಶ್ಯ: ಪರದೆ ಪೂರ್ತಿ ಕಪ್ಪು. ಕಡ್ಡಿ ಮುರಿಯುವ ಸದ್ದು.]

ಮೂರನೇ ದಿನ ಮೊದಲು ಉತ್ತರ ಕೊಡಿ: ಸಜ್ಜೆ. ಉತ್ತರ ಕೊಡದೆ ಇನ್ನೊಂದು ಪ್ರಶ್ನೆ ಕೇಳಿದರೆ ಜನ ಬೇಸತ್ತು ಹೋಗುತ್ತಾರೆ. ಆಮೇಲೆ ಬರೀ ಸದ್ದು ಕೇಳಿಸಿ. ರೆಕಾರ್ಡ್ ಮಾಡುವಾಗ ಫ್ಯಾನ್ ಆರಿಸಿ, ಫೋನ್ ಒಂದು ಗೇಣು ದೂರ ಇಡಿ, ಒಂದೇ ಕಡ್ಡಿ ಮುರಿಯಿರಿ. ಹಿಡಿ ತುಂಬ ಹಿಡಿದು ಮುರಿದರೆ ಸದ್ದು ಕಲಸಿಹೋಗಿ, ಕಾಗದ ಮುದುಡಿದ ಹಾಗೆ ಕೇಳಿಸುತ್ತದೆ.

ಐದನೇ ದಿನ ಮುರಿದ ಕಡ್ಡಿ ತೋರಿಸಿ, ರುಚಿ ಬಚ್ಚಿಡಿ. ಕಾಳುಮೆಣಸಾ, ಬೆಳ್ಳುಳ್ಳಿನಾ ಅಂತ ಪೋಲ್ ಹಾಕಬಹುದು. ಆದರೆ ಪ್ಯಾಕೆಟ್ ಆಗಲೇ ಅಚ್ಚಾಗಿದ್ದರೆ "ಯಾವುದು ಮಾಡೋಣ?" ಅಂತ ಕೇಳಬೇಡಿ. ಸೋತ ರುಚಿಯೇ ಅಂಗಡಿಗೆ ಬಂದರೆ ವೋಟ್ ಹಾಕಿದವರಿಗೆ ಮೋಸ ಮಾಡಿದ ಹಾಗೆ. "ಯಾವುದು ಹಾಕಿದ್ದೇವೆ, ಊಹಿಸಿ" ಅನ್ನಿ, ಸಾಕು.

[ದೃಶ್ಯ: ಬೆನ್ನು ತಿರುಗಿಸಿ ನಿಲ್ಲಿಸಿದ ಮೂರು ಪ್ಯಾಕೆಟ್.]

ಎಂಟನೇ ದಿನ ಪ್ಯಾಕೆಟ್‌ಗಳ ಬೆನ್ನು. ಈ ಪೋಸ್ಟ್ ನನಗೆ ತುಂಬ ಇಷ್ಟ, ಯಾಕೆಂದರೆ ಇಲ್ಲಿ ನಿಜ ಹೊರಗೆ ಬೀಳುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಜಾಸ್ತಿ ಇರುವುದು ಮೊದಲು ಬರುತ್ತದೆ. ಮೈದಾ ಮೊದಲು, ಸಜ್ಜೆ ನಾಲ್ಕನೆಯದು ಆಗಿದ್ದರೆ, ಮೊದಲ ದಿನ ತೋರಿಸಿದ ಆ ಕಾಳೇ ಸುಳ್ಳಾಗುತ್ತದೆ. ಅಂಥ ತಿಂಡಿಗೆ ಕಾಳಿನ ಟೀಸರ್ ಮಾಡಲೇಬೇಡಿ.

ರಾಗಿ ಬಿಸ್ಕತ್ತಿನ ಕ್ಯಾಲ್ಸಿಯಂ ಮಾತೂ ಹಾಗೆಯೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ನಿಜ. ಆದರೆ ಅದು ಕಾಳಿನ ಲೆಕ್ಕ. ಬಿಸ್ಕತ್ತಿನಲ್ಲಿ ರಾಗಿ 30 ಶೇಕಡಾ, ಒಬ್ಬರು ತಿನ್ನುವುದು 30 ಗ್ರಾಂ ಅಂದುಕೊಳ್ಳಿ. ಹೊಟ್ಟೆಗೆ ಹೋಗುವ ರಾಗಿ 9 ಗ್ರಾಂ, ಅದರ ಕ್ಯಾಲ್ಸಿಯಂ ಸುಮಾರು 30 ಮಿಲಿಗ್ರಾಂ. ಪೋಸ್ಟ್‌ನಲ್ಲಿ ಕಾಳಿನ ಅಂಕಿ ಹಾಕಬೇಡಿ. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಅಂತಂತೂ ಬರೆಯಲೇಬಾರದು.

ಹತ್ತನೇ ದಿನ ಏನೂ ಬಚ್ಚಿಡಬೇಡಿ. ಹೆಸರು, ಬೆಲೆ, ಎಲ್ಲಿ ಸಿಗುತ್ತದೆ, ಎಷ್ಟು ಗಂಟೆಗೆ.

[ದೃಶ್ಯ: ಗಾಜಿನ ಡಬ್ಬಿಯಲ್ಲಿ ಸಜ್ಜೆ ಹಿಟ್ಟು.]

ಬಿಡುಗಡೆಯ ತಾರೀಕನ್ನು ಸುಮ್ನೆ ಬರೆಯಬೇಡಿ. ಸಜ್ಜೆಯಲ್ಲಿ ಎಣ್ಣೆ ಅಂಶ ಜಾಸ್ತಿ. ಬೀಸಿದ ಮೇಲೆ ಆ ಎಣ್ಣೆ ಬೇಗ ಕೆಡುತ್ತದೆ, ಹಿಟ್ಟು ಕಮಟು ವಾಸನೆ ಹೊಡೆದು ಕಹಿಯಾಗುತ್ತದೆ. ಇದನ್ನು ಗಮನಿಸದೆ ಹಿಟ್ಟು ಬೀಸಿಟ್ಟು ಬಿಡುಗಡೆ ಮುಂದೂಡಿದರೆ, ಇಷ್ಟು ದಿನ ಕಾದವರ ಬಾಯಿಗೆ ಮೊದಲು ಬೀಳುವುದು ಆ ಕಹಿ. ಅದಕ್ಕೇ ಪ್ಯಾಕ್ ಮಾಡಿದ ಕಡ್ಡಿಯನ್ನು, ಕೆಡದೆ ಇರುತ್ತದೆ ಅಂತ ಪ್ಯಾಕೆಟ್ ಮೇಲೆ ಬರೆದಿರುವ ಅವಧಿ ಪೂರ್ತಿ ಇಟ್ಟು, ಆಗಾಗ ಒಂದೊಂದು ಪ್ಯಾಕೆಟ್ ಒಡೆದು ಮೂಸಿ, ತಿಂದು ನೋಡಿ. ಅದು ಸರಿ ಬಂದ ಮೇಲೆ ಮೊದಲ ಪೋಸ್ಟ್.

ಸರಣಿ ನಡೆಯುತ್ತಿದೆಯಾ ಅಂತ ತಿಳಿಯಲು ಲೈಕ್ ಎಣಿಸಬೇಡಿ. ಊಹೆ ಬರೆದವರನ್ನು ಎಣಿಸಿ. ಮೊದಲ ದಿನ ಊಹಿಸಿದವರು ಐದನೇ ದಿನವೂ ಬಂದಿದ್ದರೆ ಅವರು ನಿಜಕ್ಕೂ ಕಾಯುತ್ತಿದ್ದಾರೆ. ಬಂದಿಲ್ಲವಾ? ಹಾಗಾದರೆ ಎಳೆಯಬೇಡಿ. ಎಂಟನೇ ದಿನವೇ ಮೂರೂ ಪ್ಯಾಕೆಟ್ ಮುಂದಕ್ಕೆ ತಿರುಗಿಸಿ ತೋರಿಸಿಬಿಡಿ.